ಜರತಾರಿ ವಸ್ತ್ರದ ಹಿಮ್ಮೈ

ಕಾಶಿಯ ಮದನಪುರ, ಅಲೈಪುರ ಮೊದಲಾದ ಮೊಹಲ್ಲಾಗಳಲ್ಲಿ, ನೆಲದಲ್ಲಿ ತೋಡಿದ ಗುಂಡಿಗೆ ಕಾಲಿಳಿಯಬಿಟ್ಟು ಮಗ್ಗದ ಮುಂದೆ ಕುಳಿತ ನೇಕಾರರು ತಲೆತಲಾಂತರದಿಂದ ನೆಯ್ದುಕೊಂಡು ಬಂದಿರುವ ಜರತಾರಿ ರೇಷ್ಮೆಗೆ, ನಮ್ಮ ಕನ್ನಡ ನಾಡಿನ ಮದುವೆಮನೆಗಳಲ್ಲಿಯೂ ಬಹುಕಾಲದಿಂದ ಮನ್ನಣೆಯುಂಟು. ಬನಾರಸ್ ಸೀರೆಯೆಂದೂ ಕಿಂಕಾಪೆಂದೂ ಪ್ರಸಿದ್ಧವಾದ ಈ ವಸ್ತ್ರಗಳನ್ನು ಕೊಳ್ಳುವವರು ಅವುಗಳ ಬಣ್ಣವನ್ನೂ ಜರಿಯ ಹೊಳಪನ್ನೂ ಬುಟ್ಟಾಗಳ ಚೆಲುವನ್ನೂ ಸಾವಧಾನವಾಗಿ ಪರೀಕ್ಷಿಸುತ್ತಾರೆ. ಆದರೆ ಆ ವಸ್ತ್ರ ಎಷ್ಟು ಕಾಲ ಬಾಳೀತು, ಅದನ್ನು ಹೇಗೆ ಉಡಬೇಕು, ಹೇಗೆ ಶುಚಿಮಾಡಬೇಕು, ಹೇಗೆ ಮಡಿಸಿಡಬೇಕು ಎಂಬ ಪ್ರಶ್ನೆಗಳಿಗೆಲ್ಲ ಉತ್ತರವಿರುವುದು ಕಣ್ಣಿಗೆ ಬೀಳುವ ಮುಮ್ಮೈಯಲ್ಲಿ ಅಲ್ಲ, ಹಿಮ್ಮೈಯಲ್ಲಿ.

ಸಾಮಾನ್ಯವಾದ ಬಟ್ಟೆಯಲ್ಲಿ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳೂ ಅಡ್ಡಲಾಗಿ ಲಾಳಿಯಿಂದ ಬರುವ ಹೊಕ್ಕಿನ ಎಳೆಗಳೂ ಒಂದರ ಮೇಲೊಂದು ಒಂದರ ಕೆಳಗೊಂದು ಹಾದು ಪರಸ್ಪರ ಬಿಗಿದುಕೊಳ್ಳುತ್ತವೆ. ಆದುದರಿಂದ ಯಾವ ಎಳೆಯೂ ಸಡಿಲವಾಗಿ ಉಳಿಯುವುದಿಲ್ಲ. ಜರತಾರಿ ವಸ್ತ್ರದಲ್ಲಾದರೋ ಒಡಲನ್ನು ಕಟ್ಟುವ ಹೊಕ್ಕು ಒಂದು, ಹೂವನ್ನು ಮೂಡಿಸುವ ಹೊಕ್ಕು ಮತ್ತೊಂದು. ಎರಡನೆಯದು ಅಲಂಕಾರಕ್ಕಾಗಿಯೇ ಸೇರಿಸಿದ ಹೆಚ್ಚುವರಿ ಎಳೆ. ಅದನ್ನು ಪೂರ್ತಿಯಾಗಿ ತೆಗೆದುಬಿಟ್ಟರೂ ಒಡಲಿನ ಬಟ್ಟೆ ಬಟ್ಟೆಯಾಗಿಯೇ ಉಳಿಯುತ್ತದೆ. ಹೂವಿರುವ ಕಡೆ ಈ ಎಳೆ ಹಾಸಿನ ಮೇಲೆ ಬಂದು ಮುಮ್ಮೈಯಲ್ಲಿ ಮಿನುಗುತ್ತದೆ. ಹೂವಿಲ್ಲದ ಕಡೆ ಹಾಸಿನ ಕೆಳಕ್ಕೆ ಇಳಿದು, ಯಾವ ಕಟ್ಟೂ ಇಲ್ಲದೆ, ಮುಂದಿನ ಹೂವಿನವರೆಗೆ ಹಿಮ್ಮೈಯಲ್ಲಿ ತೇಲುತ್ತದೆ. ಜರತಾರಿ ವಸ್ತ್ರದ ತೊಡಕುಗಳಲ್ಲಿ ಬಹುಪಾಲು ಹುಟ್ಟುವುದು ಈ ತೇಲುವ ಎಳೆಗಳಿಂದಲೇ.

ಹೂವಿನ ಆಕಾರ ಮೂಡಬೇಕಾದರೆ, ಪ್ರತಿಯೊಂದು ಹೊಕ್ಕಿಗೂ ಹಾಸಿನ ಯಾವ ಎಳೆಗಳು ಮೇಲೇಳಬೇಕು, ಯಾವುವು ಕೆಳಗೇ ನಿಲ್ಲಬೇಕು ಎಂಬುದು ಮೊದಲೇ ನಿಶ್ಚಿತವಾಗಿರಬೇಕು. ಹಿಂದೆ ಕಾಶಿಯಲ್ಲಿ ಇದಕ್ಕಾಗಿ ಜಾಲವೆಂಬ ದಾರದ ಕಟ್ಟಡವನ್ನು ಮಗ್ಗಕ್ಕೆ ಅಳವಡಿಸುತ್ತಿದ್ದರು. ನಕ್ಷೆಯನ್ನು ದಾರದಲ್ಲಿ ಕಟ್ಟುವವನು ನಕ್ಷಾಬಂದ್. ನೇಕಾರನ ಸಹಾಯಕನೊಬ್ಬ ಆ ದಾರಗಳನ್ನು ಕ್ರಮವಾಗಿ ಎಳೆಯುತ್ತ ಹೋಗುತ್ತಿದ್ದನು. ಫ್ರಾನ್ಸಿನ ಲಿಯಾನ್ ನಗರದ ರೇಷ್ಮೆ ಮಗ್ಗಗಳಲ್ಲಿಯೂ ಇಂಥ ಸಹಾಯಕನೇ ಬೇಕಾಗಿತ್ತು. 1725ರಲ್ಲಿ ಬಾಸಿಲ್ ಬೂಶೋನ್ ಎಂಬವನು ರಂಧ್ರಗಳಿರುವ ಕಾಗದದಿಂದ ಎಳೆಗಳನ್ನು ಆರಿಸುವ ಉಪಾಯವನ್ನು ಕಂಡುಹಿಡಿದನು. ಅವನ ತರುವಾಯದ ಫಾಲ್ಕನ್ ಮತ್ತು ವೋಕಾನ್ಸನ್ ಅದನ್ನು ಮುಂದುವರಿಸಿದರು. ಕೊನೆಗೆ ಅದೇ ನಗರದ ಜೋಸೆಫ್ ಮಾರಿ ಜಕಾರ್ಡ್ ಈ ಪ್ರಯತ್ನಗಳನ್ನೆಲ್ಲ ಒಟ್ಟುಗೂಡಿಸಿ 1804ರಲ್ಲಿ ರೂಪಿಸಿದ ಯಂತ್ರವೇ ಇಂದು ಅವನ ಹೆಸರಿನಿಂದ ಲೋಕದ ಮಗ್ಗಗಳ ಮೇಲೆಲ್ಲ ಕುಳಿತಿದೆ. ಅದರ ತತ್ತ್ವ ಸರಳವಾದುದು. ಒಂದು ಹೊಕ್ಕಿಗೆ ಒಂದು ರಟ್ಟಿನ ಹಾಳೆ. ಹಾಳೆಯಲ್ಲಿ ರಂಧ್ರವಿದ್ದಲ್ಲಿ ಸೂಜಿ ಒಳಕ್ಕೆ ಹೊಗುತ್ತದೆ, ಅದಕ್ಕೆ ಸೇರಿದ ಕೊಕ್ಕೆ ಹಾಸಿನ ಎಳೆಯನ್ನು ಮೇಲೆತ್ತುತ್ತದೆ. ರಂಧ್ರವಿಲ್ಲದಲ್ಲಿ ಸೂಜಿ ಹಿಂದಕ್ಕೆ ತಳ್ಳಲ್ಪಟ್ಟು ಕೊಕ್ಕೆ ಕಳಚಿಕೊಳ್ಳುತ್ತದೆ, ಎಳೆ ಕೆಳಗೇ ಉಳಿಯುತ್ತದೆ. ಅಂಗುಲಕ್ಕೆ ಅರವತ್ತು ಹೂವಿನ ಹೊಕ್ಕುಗಳಿರುವ ಬಟ್ಟೆಯಲ್ಲಿ ಎರಡು ಅಂಗುಲ ಎತ್ತರದ ಬುಟ್ಟಾಕ್ಕೆ ನೂರಿಪ್ಪತ್ತು ಹಾಳೆಗಳು ಬೇಕು. ಅವನ್ನು ಸಾಲಾಗಿ ಹೊಲಿದು ಮಾಲೆಯಾಗಿ ಮಗ್ಗದ ಮೇಲೆ ತೂಗುಹಾಕುತ್ತಾರೆ.

ಆದರೆ ಜಕಾರ್ಡಿನ ಕೆಲಸ ಹಾಸಿನ ಎಳೆಗಳನ್ನು ಆರಿಸುವುದಷ್ಟೆ. ಹೂವಿನ ಅಂಚಿಗೆ ಬಂದ ಜರಿಯ ಎಳೆ ಅಲ್ಲಿಂದ ಹಿಂದಿರುಗಬೇಕೋ, ಮುಂದಿನ ಹೂವಿನ ಕಡೆಗೆ ಸಾಗಬೇಕೋ ಎಂಬುದನ್ನು ನಿರ್ಣಯಿಸುವುದು ನೇಕಾರನ ಕೈ. ಈ ನಿರ್ಣಯಕ್ಕೆ ಅನುಸಾರವಾಗಿಯೇ ಕಾಶಿಯಲ್ಲಿ ಎರಡು ಪದ್ಧತಿಗಳಿವೆ: ಫೇಕುವಾ ಮತ್ತು ಕಢುವಾ. ನಲವತ್ತೈದು ಅಂಗುಲ ಅಗಲದ ಸೀರೆಯ ಒಡಲಿನಲ್ಲಿ ಒಂದೊಂದು ಅಂಗುಲ ಅಗಲದ ಮಾವಿನ ಬುಟ್ಟಾಗಳು ನಾಲ್ಕು ನಾಲ್ಕು ಅಂಗುಲ ಅಂತರದಲ್ಲಿ ಒಂಬತ್ತು ಇವೆಯೆಂದು ಇಟ್ಟುಕೊಳ್ಳೋಣ. ಫೇಕುವಾದಲ್ಲಿ ಜರಿಯ ಲಾಳಿಯನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒಮ್ಮೆಲೇ ಎಸೆಯುತ್ತಾರೆ. ಆಗ ಆ ಎಳೆಯ ಒಂಬತ್ತು ಅಂಗುಲ ಮಾತ್ರ ಮುಮ್ಮೈಯಲ್ಲಿ ಹೂವಾಗುತ್ತದೆ. ಉಳಿದ ಮೂವತ್ತಾರು ಅಂಗುಲ ಹಿಮ್ಮೈಯಲ್ಲಿ ತೇಲುತ್ತ ಮಲಗಿರುತ್ತದೆ. ಕಢುವಾದಲ್ಲಿ ಒಂಬತ್ತು ಬುಟ್ಟಾಗಳಿಗೆ ಒಂಬತ್ತು ಸಣ್ಣ ಕಂಡಿಕೆಗಳು. ಪ್ರತಿಯೊಂದು ಎಳೆಯೂ ತನ್ನ ಹೂವಿನೊಳಗೇ ಹೋಗಿ, ಅಂಚಿನಲ್ಲಿ ಸುತ್ತಿ, ಅದರೊಳಕ್ಕೇ ಮರಳುತ್ತದೆ. ಒಂದು ಎಸೆತದ ಕೆಲಸಕ್ಕೆ ಇಲ್ಲಿ ಒಂಬತ್ತು ಬಾರಿ ಕೈಯಾಡಿಸಬೇಕಾದುದರಿಂದ ನೆಯ್ಗೆ ಬಹಳ ನಿಧಾನ. ಬೆಲೆಯೂ ಅದಕ್ಕೆ ತಕ್ಕಂತೆ ಏರುತ್ತದೆ.

ಫೇಕುವಾ ಸೀರೆಯ ಒಡಲಿನಲ್ಲಿ ನಾಲ್ಕಂಗುಲದ ಎಳೆಗಳು ಹಾಗೆಯೇ ಉಳಿದರೆ ಉಡಲಾಗದು. ಆದಕಾರಣ ನೆಯ್ಗೆ ಮುಗಿದ ಬಳಿಕ ಅವನ್ನು ಕತ್ತರಿಯಿಂದ ಕತ್ತರಿಸಿ ತೆಗೆಯುತ್ತಾರೆ. ಇದಕ್ಕೆ ಕತರುವಾ ಎಂದು ಹೆಸರು. ಕತರುವಾ ಬುಟ್ಟಾವನ್ನು ಮಗುಚಿ ನೋಡಿದರೆ, ಅದರ ಎಡಬಲಗಳಲ್ಲಿ ಕತ್ತರಿಸಿದ ತುದಿಗಳು ರೆಪ್ಪೆಗೂದಲಿನಂತೆ ಸಾಲಾಗಿ ನಿಂತಿರುವುದು ಕಾಣುತ್ತದೆ. ಬೆರಳಾಡಿಸಿದರೆ ಅಂಚು ತರಿತರಿಯಾಗಿ ತಾಗುತ್ತದೆ. ಕಢುವಾ ಬುಟ್ಟಾದ ಅಂಚಿನಲ್ಲಿ ತುದಿಗಳಿಲ್ಲ, ಎಳೆ ಹಿಂದಿರುಗಿದ ಸಣ್ಣ ತಿರುವುಗಳಷ್ಟೇ ಇವೆ. ಕತರುವಾದ ತುದಿಗಳನ್ನು ಹಿಡಿದಿಟ್ಟಿರುವುದು ಗಂಟಲ್ಲ, ಸುತ್ತಲಿನ ನೆಯ್ಗೆಯ ಬಿಗಿ ಮಾತ್ರ. ಮೇಲಿಂದ ಮೇಲೆ ಉಜ್ಜಿದರೆ ಅವು ಜಾರಿ ಹೂವಿನ ಅಂಚು ಮಾಸುತ್ತ ಬರುತ್ತದೆ. ಇನ್ನು ಸೆರಗು ಮತ್ತು ಅಂಚುಗಳಲ್ಲಿ ಹೂಗಳು ಒತ್ತೊತ್ತಾಗಿರುವುದರಿಂದ ಎಳೆಗಳನ್ನು ಸಾಮಾನ್ಯವಾಗಿ ಕತ್ತರಿಸದೆ ಬಿಟ್ಟಿರುತ್ತಾರೆ. ಬಳೆಯ ಮುರುಕು ಅಂಚು, ಉಂಗುರದ ಹರಳಿನ ಕಟ್ಟು, ಸೇಫ್ಟಿ ಪಿನ್ನು, ಕಾಲುಂಗುರ, ಇವು ಮೊದಲು ಸಿಕ್ಕಿಕೊಳ್ಳುವುದು ಅಲ್ಲಿಯೇ. ಸೆರಗಿನ ಹಿಂದೆ ತೆಳುವಾದ ನೆಟ್ ಬಟ್ಟೆಯನ್ನು ಹೊಲಿಸುವ ರೂಢಿ ಈ ಕಾರಣದಿಂದ ಅತ್ಯಂತ ಯುಕ್ತವಾದುದು. ಒಡವೆಯನ್ನೆಲ್ಲ ತೊಟ್ಟ ಮೇಲೆ ಸೀರೆ ಉಡುವುದಕ್ಕಿಂತ ಉಟ್ಟ ಮೇಲೆ ಬಳೆ ಉಂಗುರಗಳನ್ನು ತೊಡುವುದು ಮೇಲು.

ಎಳೆಯೊಂದು ಸಿಕ್ಕಿಕೊಂಡು ಹೊರಕ್ಕೆ ಬಂದಿತೆಂದರೆ, ಹಿಮ್ಮೈಯಲ್ಲಿ ಒಂದು ಕುಣಿಕೆ ಎದ್ದು ನಿಂತಿರುತ್ತದೆ. ಮುಮ್ಮೈಯಲ್ಲಿ ಅದಕ್ಕೆ ನೇರವಾಗಿ ಇರುವ ಹೂವಿನ ಒಂದು ದಳ ಸೊಟ್ಟಗಾಗಿ, ಬಟ್ಟೆ ಅಡ್ಡಲಾಗಿ ನೆರಿಗೆಗಟ್ಟಿರುತ್ತದೆ. ಇದರ ಅರ್ಥ, ಕುಣಿಕೆಗೆ ಬೇಕಾದ ಉದ್ದವನ್ನು ಆ ಎಳೆ ಅಕ್ಕಪಕ್ಕದ ಹೂಗಳಿಂದ ಕದ್ದು ತಂದಿದೆ ಎಂದು. ಇಂಥ ಸಮಯದಲ್ಲಿ ಕತ್ತರಿಯನ್ನು ಮುಟ್ಟಲೇಬಾರದು. ಕುಣಿಕೆಯನ್ನು ಕತ್ತರಿಸಿದರೆ ಬಿಗಿತ ಕಳೆದುಕೊಂಡ ತುದಿಗಳೆರಡೂ ಹೂವಿನೊಳಗಿನಿಂದ ಜಾರುತ್ತವೆ, ದಳದಲ್ಲಿ ಬರಿಯ ಒಡಲು ಕಾಣತೊಡಗುತ್ತದೆ. ಬಟ್ಟೆಯನ್ನು ಮೇಜಿನ ಮೇಲೆ ಹಿಮ್ಮೈ ಮೇಲಾಗಿ ಹರಡಿ, ತುದಿ ಮೊಂಡಾದ ಸಣ್ಣ ಸೂಜಿಯಿಂದ ಕುಣಿಕೆಯ ಪಕ್ಕದ ಹೂವಿನಲ್ಲಿ ಅದೇ ಎಳೆಯನ್ನು ಹುಡುಕಿ ಮೆಲ್ಲಗೆ ಮೀಟಬೇಕು. ಸ್ವಲ್ಪ ಉದ್ದ ಒಳಕ್ಕೆ ಹೋದ ಮೇಲೆ ಅದರಾಚೆಯ ಹೂವಿನಲ್ಲಿ ಮೀಟಬೇಕು. ಹೀಗೆ ಎರಡು ಪಕ್ಕಕ್ಕೂ ಹಂಚುತ್ತ ಹೋದರೆ ನೆರಿಗೆ ಬಿಚ್ಚಿಕೊಂಡು ದಳ ತನ್ನ ಆಕಾರಕ್ಕೆ ಬರುತ್ತದೆ. ಎಳೆ ಹರಿದೇಹೋಗಿದ್ದರೆ ಅದು ರಫೂ ಮಾಡುವವರ ಕೆಲಸ. ಅವರ ಬಳಿಗೆ ಒಯ್ಯುವವರೆಗೆ ತುದಿಗಳನ್ನು ಎಳೆಯದೆ ಕಾಪಾಡಿದರೆ ಸಾಕು.

ಒಗೆಯುವ ವಿಷಯದಲ್ಲಿ ಜರತಾರಿ ವಸ್ತ್ರಕ್ಕೂ ಬರಿಯ ರೇಷ್ಮೆಗೂ ಭೇದವುಂಟು. ಕರೆಯಿಲ್ಲದ ಸಾದಾ ರೇಷ್ಮೆ ಸೀರೆಯನ್ನು ಅಂಟುವಾಳಕಾಯಿಯ ತಿಳಿನೊರೆಯಲ್ಲಿ ಅದ್ದಿ ತೆಗೆಯಬಹುದು. ಜರತಾರಿಯಲ್ಲಿ ರೇಷ್ಮೆ ನೀರು ಕುಡಿದು ಉಬ್ಬಿ ಒಣಗುವಾಗ ಕುಗ್ಗುತ್ತದೆ, ಲೋಹದ ತಗಡು ಸುತ್ತಿದ ಜರಿ ಅದರಂತೆ ಕುಗ್ಗುವುದಿಲ್ಲ. ಈ ಹೊಂದಿಕೆಯಿಲ್ಲದಿರುವುದರಿಂದ ಹೂವಿನ ಸುತ್ತ ಬಟ್ಟೆ ಸುಕ್ಕುಗಟ್ಟುತ್ತದೆ. ಒದ್ದೆಯಾದ ರೇಷ್ಮೆಯ ಬಲವೂ ತಗ್ಗಿರುತ್ತದೆ. ಹಿಂಡಿದರೆ ತೇಲುವ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಹರಿಯುತ್ತವೆ. ಸಾಬೂನಿನ ಕ್ಷಾರ ರೇಷ್ಮೆಗೆ ಹಾನಿಕರ. ಆದುದರಿಂದ ಇದಕ್ಕೆ ಡ್ರೈ ಕ್ಲೀನಿಂಗೇ ತಕ್ಕದ್ದು. ಕೊಡುವಾಗ ಹಿಮ್ಮೈ ಒಳಗಾಗುವಂತೆ ಮಡಿಸಿ, ಕತ್ತರಿಸದ ಎಳೆಗಳಿರುವ ಭಾಗವನ್ನು ಅಂಗಡಿಯವರಿಗೆ ತೋರಿಸಿ ಹೇಳಬೇಕು. ಪ್ರತಿಸಲ ಉಟ್ಟಾಗಲೂ ಕೊಡುವ ಅಗತ್ಯವಿಲ್ಲ. ಉಟ್ಟು ಬಿಚ್ಚಿದ ಸೀರೆಯನ್ನು ಬೆವರಿನ ತೇವ ಆರುವವರೆಗೆ ನೆರಳಿನಲ್ಲಿ ಗಾಳಿಗೆ ಹರವಿ, ಬಳಿಕ ಮಡಿಸಿದರೆ ಸಾಕು. ಎಣ್ಣೆಯ ಕಲೆ ಬಿದ್ದರೆ ಉಜ್ಜದೆ, ಅದರ ಮೇಲೆ ಟಾಲ್ಕಂ ಪೌಡರು ಉದುರಿಸಿ ಕೆಲವು ಗಂಟೆಗಳ ಕಾಲ ಬಿಟ್ಟು ಕೊಡವಬೇಕು. ಇಸ್ತ್ರಿ ಮಾಡುವುದಾದರೆ ನಡುವೆ ಹತ್ತಿಯ ಬಟ್ಟೆ ಇರಲಿ, ಕಾವು ಕಡಿಮೆಯಿರಲಿ; ಬರಿಯ ಇಸ್ತ್ರಿಪೆಟ್ಟಿಗೆಯ ಮೂತಿ ತೇಲುವ ಎಳೆಯೊಳಕ್ಕೆ ನುಗ್ಗದೆ ಬಿಡುವುದಿಲ್ಲ.

ಮಡಿಸಿಡುವಲ್ಲಿ ಶತ್ರುಗಳು ಮುಖ್ಯವಾಗಿ ಎರಡು. ಮೊದಲನೆಯದು ಗಾಳಿಯೊಳಗಿನ ಗಂಧಕ. ಒಳ್ಳೆಯ ಜರಿಯೆಂದರೆ ರೇಷ್ಮೆಯ ಎಳೆಗೆ ಬೆಳ್ಳಿಯ ತೆಳುತಗಡನ್ನು ಸುತ್ತಿ ಚಿನ್ನದ ಲೇಪ ಕೊಟ್ಟದ್ದು. ಆ ಲೇಪ ಸವೆದಲ್ಲಿ ಬೆಳ್ಳಿ ಗಂಧಕದೊಡನೆ ಕೂಡಿ ಕಪ್ಪಾಗುತ್ತದೆ. ರಬ್ಬರು, ಉಣ್ಣೆ ಇವುಗಳ ನೆರೆಯಿಂದಲೂ ಹೀಗಾಗುವುದುಂಟು; ಉಟ್ಟ ಸೀರೆಯ ಮೇಲೆ ಸೆಂಟು ಸಿಂಪಡಿಸಿದರೂ ಜರಿ ಮಾಸುತ್ತದೆ. ಪ್ಲಾಸ್ಟಿಕ್ ಚೀಲ ತೇವವನ್ನು ಒಳಗೇ ಹಿಡಿದಿಟ್ಟು ಬೂಷ್ಟಿಗೆ ಎಡೆಮಾಡಿಕೊಡುತ್ತದೆ. ಒಗೆದು ಗಂಜಿಯಿಲ್ಲದ ಹಳೆಯ ಹತ್ತಿಯ ಪಂಚೆಯಲ್ಲಿ ಸುತ್ತಿಡುವ ಹಿರಿಯರ ಕ್ರಮವೇ ಉತ್ತಮ. ನುಸಿಗುಳಿಗೆಯನ್ನು ಬಟ್ಟೆಗೆ ತಾಗಿಸಿ ಇಡಬಾರದು. ಎರಡನೆಯ ಶತ್ರು ಮಡಿಕೆ. ಲೋಹದ ತಗಡು ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಬಾಗಿ ನಿಂತರೆ ಅಲ್ಲಿಯೇ ಮುರಿಯುತ್ತದೆ, ಜೊತೆಯ ರೇಷ್ಮೆಯೂ ಸೀಳುತ್ತದೆ. ಭಾರವಾದ ಸೀರೆಯನ್ನು ಹ್ಯಾಂಗರಿಗೆ ತೂಗುಹಾಕಿದರೂ ತೂಕವೆಲ್ಲ ಒಂದೇ ಗೆರೆಯ ಮೇಲೆ ಬೀಳುತ್ತದೆ. ಅಡ್ಡಲಾಗಿ ಮಲಗಿಸಿ, ಮೇಲೆ ಹೆಚ್ಚು ಹೊರೆ ಹೇರದೆ ಇಡುವುದು ಕ್ಷೇಮ. ಸೆರಗಿನ ಮಡಿಕೆಗಳ ನಡುವೆ ತೆಳುವಾದ ಬಟ್ಟೆಯೊಂದನ್ನು ಹಾಸಿದರೆ ಒಂದು ಪದರದ ಜರಿ ಇನ್ನೊಂದು ಪದರದ ತೇಲುವ ಎಳೆಗಳನ್ನು ಕೆರೆಯುವುದು ತಪ್ಪುತ್ತದೆ.

ಮಳೆಗಾಲ ಕಳೆದು ಗಾಳಿ ಒಣಗಿದ ಮೇಲೊಮ್ಮೆ, ಮುಂದಿನ ಮಳೆಗಾಲಕ್ಕೆ ಮುಂಚೆ ಇನ್ನೊಮ್ಮೆ, ಹೀಗೆ ವರ್ಷಕ್ಕೆ ಎರಡು ಸಲವಾದರೂ ನಿಮ್ಮ ಮನೆಯ ಜರತಾರಿ ಸೀರೆಗಳನ್ನು ಹೊರತೆಗೆದು ನೆರಳಿನಲ್ಲಿ ಹರವಿರಿ. ಹಿಮ್ಮೈಯನ್ನು ಬೆಳಕಿಗೆ ಹಿಡಿದು ಎದ್ದ ಕುಣಿಕೆಗಳಿದ್ದರೆ ಆಗಲೇ ಸರಿಪಡಿಸಿ, ಹಳೆಯ ಗೆರೆಯನ್ನು ಬಿಟ್ಟು ಬೇರೊಂದು ಕಡೆ ಮಡಿಸಿಡಿ. ಸರಿಯಾಗಿ ನೆಯ್ದ ಕಿಂಕಾಪು ಮಗಳ ಕಾಲಕ್ಕೂ ಮೊಮ್ಮಗಳ ಕಾಲಕ್ಕೂ ಉಡಲು ಒದಗುವುದು ಇಷ್ಟು ಶ್ರಮದಿಂದಲೇ.