ಅಂತ್ಯಬಿಂದುವಿನ ಗುಲಾಬಿ ಬಣ್ಣ ಫೋನಿನಲ್ಲಿ ಏಕೆ ಮಾಯವಾಗುತ್ತದೆ?

ತರಗತಿಯ ಪ್ರಾಜೆಕ್ಟ್‌ಗಾಗಿ ಆಮ್ಲ–ಪ್ರತ್ಯಾಮ್ಲ ಟೈಟ್ರೇಷನ್ನನ್ನು ಸ್ಮಾರ್ಟ್‌ಫೋನಿನಲ್ಲಿ ಚಿತ್ರೀಕರಿಸುತ್ತಿದ್ದೀರಿ ಎಂದುಕೊಳ್ಳಿ. ಫ್ಲಾಸ್ಕಿನಲ್ಲಿ ಆಮ್ಲ ಮತ್ತು ಎರಡು ಹನಿ ಫಿನಾಫ್ತಲೀನ್. ಬ್ಯೂರೆಟ್ಟಿನಲ್ಲಿ ಸೋಡಿಯಂ ಹೈಡ್ರಾಕ್ಸೈಡ್. ಕೊನೆಯ ಹನಿ ಬಿದ್ದಾಗ ದ್ರಾವಣ ನಸುಗುಲಾಬಿಯಾದದ್ದನ್ನು ಎಲ್ಲರೂ ಕಣ್ಣಾರೆ ಕಂಡಿರಿ. ಆದರೆ ವಿಡಿಯೋದಲ್ಲಿ ಅದು ಬರೀ ಬಿಳಿ! ಏಕೆ ಹೀಗೆ?

ಕ್ಯಾಮೆರಾ ಚೌಕಟ್ಟಿನೊಳಗಿನ ಒಟ್ಟು ಬೆಳಕನ್ನು ಅಳೆದು, ಅದು ಮಧ್ಯಮ ಮಟ್ಟದಲ್ಲಿರುವಂತೆ ತಾನೇ ಹೊಂದಿಸಿಕೊಳ್ಳುತ್ತದೆ. ಗೆಳೆಯನೊಬ್ಬ ಕಡುನೀಲಿ ಸ್ವೆಟರಿನ ಕೈಯನ್ನು ಚಾಚಿ ಫ್ಲಾಸ್ಕನ್ನು ಅಲುಗಾಡಿಸಿದ. ದೃಶ್ಯ ಕತ್ತಲಾಯಿತೆಂದು ಕ್ಯಾಮೆರಾ ಬೆಳಕನ್ನು ಹೆಚ್ಚಿಸಿತು. ತಿಳಿ ಬಣ್ಣ ಅಲ್ಲಿಯೇ ತೊಳೆದುಹೋಯಿತು. ಹೀಗೆ ಕಳೆದುಹೋದ ಬಣ್ಣವನ್ನು ಆಮೇಲೆ ಎಷ್ಟು ತಿದ್ದಿದರೂ ಪೂರ್ತಿ ಮರಳಿ ಪಡೆಯಲಾಗದು.

ಇದಕ್ಕೆ ಪರಿಹಾರ ಸುಲಭ. ಫ್ಲಾಸ್ಕಿನ ಕೆಳಗೆ ಬಿಳಿ ಕಾಗದವಿಟ್ಟು, ಪರದೆಯಲ್ಲಿ ಫ್ಲಾಸ್ಕಿನ ಮೇಲೆಯೇ ಬೆರಳನ್ನು ಒಂದೆರಡು ಸೆಕೆಂಡು ಒತ್ತಿಹಿಡಿಯಿರಿ. ಐಫೋನಿನಲ್ಲಿ AE/AF LOCK ಎಂದು ಕಾಣಿಸುತ್ತದೆ. ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಬೀಗದ ಗುರುತು ಮೂಡುತ್ತದೆ. ನಂತರ ಕಾಗದ ತುಸು ಬೂದುಬಣ್ಣಕ್ಕೆ ತಿರುಗುವಷ್ಟು ಬೆಳಕನ್ನು ತಗ್ಗಿಸಿ. ಸರಿಯಾಗಿದೆಯೇ ಎಂದು ತಿಳಿಯಲು ಖಾಲಿ ಕೈಯನ್ನು ಚೌಕಟ್ಟಿನೊಳಗೆ ತಂದು ತೆಗೆಯಿರಿ. ಹಿನ್ನೆಲೆಯ ಹೊಳಪು ಏರಿಳಿಯದಿದ್ದರೆ ಬೀಗ ಬಿದ್ದಿದೆ ಎಂದರ್ಥ. ಪರದೆಯನ್ನು ಬೇರೆಡೆ ಮುಟ್ಟಿದರೆ ಅದು ಬಿಟ್ಟುಹೋಗುತ್ತದೆ. ಕಿಟಕಿಯ ಬೆಳಕಿಗೆ ಮೋಡ ಅಡ್ಡ ಬಂದರೆ ಹೊಸದಾಗಿ ಬೀಗ ಹಾಕಬೇಕು.

ಫೋನನ್ನು ಕೈಯಲ್ಲಿ ಹಿಡಿಯಲೇಬೇಡಿ. ಟ್ರೈಪಾಡ್ ಇಲ್ಲವೇ? ಎರಡು ಪುಸ್ತಕದ ಕಟ್ಟುಗಳ ನಡುವೆ ಅಡ್ಡಲಾಗಿ ಸಿಕ್ಕಿಸಿ. ಆದರೆ ಅದು ಫ್ಲಾಸ್ಕ್ ಇರುವ ಮೇಜಿನ ಮೇಲಿರದೆ ಬೇರೊಂದು ಸ್ಟೂಲಿನ ಮೇಲಿರಲಿ. ಗುಂಡಿ ಒತ್ತಿದಾಗಿನ ಅಲುಗಾಟವನ್ನು ಆಮೇಲೆ ಕತ್ತರಿಸಬಹುದು.

ಇನ್ನು ಧ್ವನಿ. ಅಗ್ಗದ ಕಾಲರ್ ಮೈಕ್ ಸಾಕು, ಏಕೆಂದರೆ ಇಲ್ಲಿ ಮುಖ್ಯವಾದದ್ದು ಬೆಲೆಗಿಂತ ದೂರ. ಮೈಕನ್ನು ಒಂದು ಮೀಟರಿನಿಂದ 20 ಸೆಂಟಿಮೀಟರಿಗೆ ತಂದರೆ ದೂರ ಐದನೇ ಒಂದಾಗುತ್ತದೆ. ವಿಲೋಮ ವರ್ಗ ನಿಯಮದಂತೆ ನಿಮ್ಮ ದನಿಯ ತೀವ್ರತೆ ಸುಮಾರು 25 ಪಟ್ಟು ಹೆಚ್ಚುತ್ತದೆ. ಕೋಣೆಯ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. ಗಲ್ಲದಿಂದ ಒಂದು ಗೇಣು ಕೆಳಗೆ, ಬಟ್ಟೆಗೆ ಉಜ್ಜದಂತೆ ಸಿಕ್ಕಿಸಿ. ಫ್ಯಾನ್ ಆರಿಸಿ.

ಒಂದು ಮೋಸವಿದೆ. ಫೋನಿನ 3.5 ಮಿಲಿಮೀಟರ್ ಕಿಂಡಿಗೆ ಮೂರು ಕಪ್ಪು ಉಂಗುರಗಳಿರುವ ಪ್ಲಗ್ ಬೇಕು. ಎರಡೇ ಉಂಗುರಗಳಿರುವ ಮೈಕನ್ನು ಫೋನು ಸಾಮಾನ್ಯವಾಗಿ ಗುರುತಿಸದೆ, ಸದ್ದಿಲ್ಲದೆ ತನ್ನದೇ ಮೈಕಿನಿಂದ ಧ್ವನಿಮುದ್ರಿಸುತ್ತದೆ. ಆದ್ದರಿಂದ ಮೊದಲು ಹತ್ತು ಸೆಕೆಂಡು ಮುದ್ರಿಸಿ, ಕಾಲರ್ ಮೈಕನ್ನು ಉಗುರಿನಿಂದ ಕೆರೆಯಿರಿ; ಬಳಿಕ ಇಯರ್‌ಫೋನಿನಲ್ಲಿ ಕೇಳಿ. ಕೆರೆತ ಜೋರಾಗಿ ಕೇಳಿಸಿದರೆ ಬ್ಯೂರೆಟ್ಟಿನ ನಲ್ಲಿ ತಿರುಗಿಸಬಹುದು.