ಬಸ್ಸಿನ ಪರಿಚಯ ಉಳಿಸಿಕೊಳ್ಳುವುದು ಹೇಗೆ?

ಪ್ರತಿ ವರ್ಷ ದ್ವಿತೀಯ ಪಿಯುಸಿ ಬೀಳ್ಕೊಡುಗೆಯ ದಿನ ನಮ್ಮಲ್ಲಿ ಒಂದೇ ದೃಶ್ಯ. ಆಪ್ತ ಗೆಳೆಯರು ತಬ್ಬಿಕೊಂಡು ಅಳುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಆದರೆ ಎರಡು ವರ್ಷ ಒಂದೇ ಬಸ್ಸಿನಲ್ಲಿ ಬಂದವರು, ಬೇರೆ ವಿಭಾಗದಲ್ಲಿ ಓದಿದವರು, ಎನ್‌ಎಸ್‌ಎಸ್ ಶಿಬಿರದಲ್ಲಿ ಏಳು ದಿನ ಜೊತೆಗಿದ್ದವರು ಕೈ ಬೀಸಿ ಹೊರಟುಬಿಡುತ್ತಾರೆ. ಸಮಾಜಶಾಸ್ತ್ರ ಪಾಠ ಮಾಡುವ ನನಗೆ ಚಿಂತೆಯಾಗುವುದು ಈ ಎರಡನೆಯ ಗುಂಪಿನ ಬಗ್ಗೆ. ಆಪ್ತರು ಹೇಗೂ ಸಂಪರ್ಕದಲ್ಲಿ ಇರುತ್ತಾರೆ. ಇವರು ಮಾತ್ರ ಆರು ತಿಂಗಳಲ್ಲಿ ಕಳೆದುಹೋಗುತ್ತಾರೆ. ಮುಂದೆ ಕೆಲಸಕ್ಕೆ ಬರುವ ಸುದ್ದಿ ಹೆಚ್ಚಾಗಿ ಬರುವುದು ಇವರಿಂದಲೇ.

ಇದು ನಾನು ಊಹಿಸಿ ಹೇಳುತ್ತಿರುವ ಮಾತಲ್ಲ. 1973ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ ಒಂದು ಲೇಖನ ಪ್ರಕಟಿಸಿದರು. ಬಾಸ್ಟನ್ ಪಕ್ಕದ ನ್ಯೂಟನ್ ಎಂಬ ಊರಿನಲ್ಲಿ ಹೊಸದಾಗಿ ಕೆಲಸ ಬದಲಿಸಿದವರನ್ನು ಅವರು ಮಾತನಾಡಿಸಿದ್ದರು. ಪರಿಚಯದವರ ಮೂಲಕ ಕೆಲಸ ಸಿಕ್ಕ 54 ಜನರನ್ನು, ಆ ಪರಿಚಯದವರನ್ನು ನೀವು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಎಂದು ಕೇಳಿದರು. ವಾರಕ್ಕೆ ಎರಡು ಸಲವಾದರೂ ನೋಡುತ್ತಿದ್ದೆವು ಎಂದವರು ಬರೀ 9 ಜನ. ಅಪರೂಪಕ್ಕೊಮ್ಮೆ, ಅಂದರೆ ವರ್ಷಕ್ಕೊಂದು ಸಲ ಅಥವಾ ಅದಕ್ಕಿಂತ ಕಡಿಮೆ ಎಂದವರು 15 ಜನ. ಉಳಿದ 30 ಜನ ಇವೆರಡರ ನಡುವೆ. ಅಂದರೆ ಆರರಲ್ಲಿ ಐವರಿಗೆ ಸುದ್ದಿ ಬಂದದ್ದು ಆಪ್ತರಿಂದಲ್ಲ, ತೆಳು ಪರಿಚಯದವರಿಂದ. ಇಂಥ ಪರಿಚಯವನ್ನು ಸಮಾಜಶಾಸ್ತ್ರದಲ್ಲಿ ದುರ್ಬಲ ಕೊಂಡಿ ಎನ್ನುತ್ತೇವೆ.

ಕಾರಣ ಬಹಳ ಸರಳ. ನಿಮ್ಮ ಇಬ್ಬರು ಆಪ್ತ ಗೆಳೆಯರನ್ನು ನೆನಪಿಸಿಕೊಳ್ಳಿ. ಅವರಿಬ್ಬರಿಗೂ ಪರಸ್ಪರ ಗೊತ್ತಿರುತ್ತದೆ, ಒಂದೇ ಬೆಂಚಿನಲ್ಲಿ ಕೂರುವವರೂ ಆಗಿರಬಹುದು. ಆದ್ದರಿಂದ ನಿಮಗೆ ಗೊತ್ತಿರುವುದೇ ಅವರಿಗೂ ಗೊತ್ತು, ಅವರಿಗೆ ಗೊತ್ತಿಲ್ಲದ್ದು ನಿಮಗೂ ಗೊತ್ತಿಲ್ಲ. ಬಸ್ಸಿನ ಪರಿಚಯ ಹಾಗಲ್ಲ. ಆ ಹುಡುಗಿಯ ಮನೆ ಬೇರೆ ಊರು, ಅವಳ ಗೆಳತಿಯರು ಬೇರೆ, ಅವಳ ಅಣ್ಣ ಕೆಲಸ ಮಾಡುವ ಜಾಗ ಬೇರೆ. ಅವಳು ನಿಮ್ಮ ಗುಂಪಿನಿಂದ ಇನ್ನೊಂದು ಗುಂಪಿಗೆ ಹಾಕಿದ ಸೇತುವೆ. ಶಿರಾದ ಹುಡುಗನಿಗೆ ಹೆದ್ದಾರಿ ಬದಿಯ ಕೆಲಸಗಳ ಸುದ್ದಿ ಕಿವಿಗೆ ಬೀಳುತ್ತದೆ. ಪಾವಗಡದವನಿಗೆ ತಿರುಮಣಿಯ ಸೋಲಾರ್ ಪಾರ್ಕಿನಲ್ಲಿ ಯಾರನ್ನು ತೆಗೆದುಕೊಳ್ಳುತ್ತಿದ್ದಾರೆ ಎಂಬುದು ಗೊತ್ತಾಗುತ್ತದೆ. ಕೊರಟಗೆರೆಯವಳಿಗೆ ತುಮಕೂರಿನ ಕಾಲೇಜುಗಳ ವಿಷಯ ಬೇಗ ತಲುಪುತ್ತದೆ. ನಾಲ್ಕೂ ತಾಲ್ಲೂಕು ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಮಕ್ಕಳು ಒಂದೇ ಕಡೆ ಸಿಗುವುದು ಈ ಎರಡು ವರ್ಷ ಮಾತ್ರ.

ನಾನು ಕಣ್ಣಾರೆ ಕಂಡ ಒಂದು ಉದಾಹರಣೆ ಹೇಳುತ್ತೇನೆ. ಮಿಡಿಗೇಶಿ ಕಡೆಯಿಂದ ಬರುತ್ತಿದ್ದ ನಮ್ಮ ವಿದ್ಯಾರ್ಥಿನಿಯೊಬ್ಬಳಿಗೆ ಪಾವಗಡದಿಂದ ಅದೇ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಸೀನಿಯರ್ ಪರಿಚಯ. ಗೆಳೆತನ ಎನ್ನುವಷ್ಟಿಲ್ಲ, ಸೀಟು ಹಿಡಿದುಕೊಡುವಷ್ಟು ಅಷ್ಟೆ. ಸೀನಿಯರ್ ಪಾಸಾಗಿ ತುಮಕೂರಿಗೆ ಓದಲು ಹೋದಳು. ಆಮೇಲೆ ಇಬ್ಬರ ನಡುವೆ ನಡೆದದ್ದು ಇಷ್ಟೇ. ಫಲಿತಾಂಶ ಬಂದ ದಿನ ನಮ್ಮ ಹುಡುಗಿ ಬರೆದಳು: “ಅಸ್ಸಲಾಮು ಅಲೈಕುಮ್ ಆಪಾ, ರಿಸಲ್ಟ್ ನೋಡಿದೆ. ಬಸ್ಸಿನಲ್ಲಿ ನಿಂತುಕೊಂಡೇ ಕೆಮಿಸ್ಟ್ರಿ ಓದುತ್ತಿದ್ದಿರಲ್ಲ, ಅದು ನೆನಪಾಯಿತು. ಮುಬಾರಕ್.” ನಾಲ್ಕು ತಿಂಗಳ ನಂತರ ಸೀನಿಯರ್‌ಗೆ ಸೀಟು ಸಿಕ್ಕಿದ್ದು ತಿಳಿದಾಗ ಒಂದು ಸಾಲು. ಮುಂದಿನ ವರ್ಷ ಅವಳ ಕೋರ್ಸಿಗೆ ಸಂಬಂಧಿಸಿದ ಪತ್ರಿಕೆಯ ಲೇಖನವೊಂದು ಕಂಡಾಗ ಅದರ ಫೋಟೊ, ಜೊತೆಗೆ “ನಿಮ್ಮ ಓದಿಗೆ ಬರಬಹುದು ಅಂತ ಕಳಿಸಿದೆ, ಉತ್ತರ ಬರೆಯಬೇಕಿಲ್ಲ” ಎಂಬ ಮಾತು. ಎರಡು ವರ್ಷದಲ್ಲಿ ಮೂರು ಸಂದೇಶ. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ.

ನಮ್ಮ ಹುಡುಗಿಗೆ ಸಿಇಟಿ ಮೂಲಕ ಸೀಟು ಸಿಗುವ ಹಾಗಿದ್ದಾಗ ಶುಲ್ಕದ ಚಿಂತೆ ಬಂತು. ಮನೆಯಲ್ಲಾಗಲಿ ತರಗತಿಯ ಗೆಳತಿಯರಲ್ಲಾಗಲಿ ದಾರಿ ಗೊತ್ತಿದ್ದವರಿಲ್ಲ. ಎಲ್ಲರೂ ಅದೇ ಮೊದಲ ಸಲ ಆ ಬಾಗಿಲಿಗೆ ಬಂದವರು. ಅಷ್ಟರಲ್ಲಿ ತುಮಕೂರಿನಿಂದ ತಾನಾಗಿಯೇ ಒಂದು ಸಂದೇಶ ಬಂತು. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲಕ್ಕೆ ಅರ್ಜಿ ಕರೆದಿದ್ದಾರೆ, ವೃತ್ತಿಪರ ಕೋರ್ಸಿಗೆ ಹೋಗುವವರಿಗೆ ಸಿಗುತ್ತದೆ, ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಕೋ, ಕೊನೆಯ ದಿನ ಹತ್ತಿರವಿದೆ ಎಂದು. ಅವಳು ಅರ್ಜಿ ಹಾಕಿದಳು. ಈ ಸುದ್ದಿಯೇನೂ ಗುಟ್ಟಲ್ಲ, ಎಲ್ಲೋ ಪ್ರಕಟವಾಗಿಯೇ ಇತ್ತು. ಆದರೆ ಸರಿಯಾದ ವಾರದಲ್ಲಿ ಸರಿಯಾದ ಮನೆಗೆ ಅದನ್ನು ತಲುಪಿಸಲು ಒಬ್ಬ ಮನುಷ್ಯರು ಬೇಕಿತ್ತು. “ಇಷ್ಟು ಜೂನಿಯರ್‌ಗಳಲ್ಲಿ ಇವಳೇ ಯಾಕೆ ನೆನಪಾದಳು?” ಎಂದು ಆ ಸೀನಿಯರ್‌ಳನ್ನು ಒಮ್ಮೆ ಕೇಳಿದೆ. “ಅವಳು ಏನೂ ಕೇಳದೆ ಬರೆಯುತ್ತಿದ್ದಳು ಸರ್” ಎಂದಳು.

ಈ ಉತ್ತರದಲ್ಲೇ ವಿಧಾನವೂ ಇದೆ. ಅದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಪಟ್ಟಿ. ಒಂದು ನೋಟ್‌ಬುಕ್ಕಿನಲ್ಲಿ ಇಪ್ಪತ್ತು ಮೂವತ್ತು ಹೆಸರು ಬರೆಯಿರಿ. ಆಪ್ತರನ್ನು ಬಿಟ್ಟು ಬೇರೆಯವರು. ಬೇರೆ ತಾಲ್ಲೂಕಿನವರು, ಬೇರೆ ವಿಭಾಗದವರು, ಸೀನಿಯರ್‌ಗಳು ಇರಲಿ. ಪ್ರತಿ ಹೆಸರಿನ ಮುಂದೆ ಊರು, ಈಗ ಏನು ಮಾಡುತ್ತಿದ್ದಾರೆ, ಕೊನೆಯದಾಗಿ ಮಾತಾಡಿದ್ದು ಯಾವಾಗ ಎಂದು ಬರೆದಿಡಿ. ನಂಬರ್ ಕಾಗದದ ಮೇಲೂ ಇರಲಿ. ಪಿಯುಸಿ ಮುಗಿದ ಮೇಲೆ ಅನೇಕರ ಸಿಮ್ ಬದಲಾಗುತ್ತದೆ. ತಿಂಗಳುಗಟ್ಟಲೆ ರೀಚಾರ್ಜ್ ಮಾಡದ ನಂಬರ್ ರದ್ದಾಗಿ ಇನ್ನೊಬ್ಬರ ಕೈಗೆ ಹೋಗುತ್ತದೆ. ಆದ್ದರಿಂದ ತಂದೆಯ ಅಥವಾ ಅಣ್ಣನ ನಂಬರನ್ನೂ ಕೇಳಿ ಪಡೆಯಿರಿ. ತಿಂಗಳಿಗೊಮ್ಮೆ ಪಟ್ಟಿ ನೋಡಿ. ಎಂಟು ಹತ್ತು ತಿಂಗಳಿಂದ ಮಾತಿಲ್ಲದ ಇಬ್ಬರಿಗೆ ಬರೆದರೆ ಸಾಕು.

ಎರಡನೆಯದು, ಅಭಿನಂದನೆ. ಫಲಿತಾಂಶ, ಸೀಟು, ಕೆಲಸ, ಅಕ್ಕನ ಮದುವೆ, ಅಣ್ಣನ ಅಂಗಡಿ ತೆರೆದದ್ದು, ಹೀಗೆ ಒಬ್ಬರ ಬದುಕಿನಲ್ಲಿ ನಡೆದ ಒಂದು ಸಂಗತಿಗೆ ಎರಡು ಮೂರು ದಿನದೊಳಗೆ ಬರೆಯಿರಿ. ಅದರಲ್ಲಿ ಅವರಿಗೆ ಮಾತ್ರ ಹೊಂದುವ ಒಂದು ವಾಕ್ಯ ಇರಬೇಕು. ‘ಬಸ್ಸಿನಲ್ಲಿ ನಿಂತುಕೊಂಡೇ ಕೆಮಿಸ್ಟ್ರಿ’ ಎಂಬ ಮಾತು ಆ ಕೆಲಸ ಮಾಡಿತು. ಈದ್‌ಗೆ, ಯುಗಾದಿಗೆ ಇನ್ನೂರು ಜನರಿಗೆ ಕಳಿಸುವ ಚಿತ್ರ ಈ ಕೆಲಸ ಮಾಡುವುದಿಲ್ಲ. ಅದು ತಮ್ಮೊಬ್ಬರಿಗೇ ಬಂದದ್ದಲ್ಲ ಎಂದು ಪಡೆದವರಿಗೂ ಗೊತ್ತು.

ಮೂರನೆಯದು, ಉಪಯುಕ್ತ ಸುದ್ದಿ ಹಂಚುವುದು. ಒಂದು ಲೇಖನ, ಒಂದು ಪ್ರಕಟಣೆ, ಒಬ್ಬ ವ್ಯಕ್ತಿಗೆ. ಇದು ನಿಮಗೇಕೆ ಎಂದು ಅರ್ಧ ಸಾಲು ಸೇರಿಸಿ. ಕಳಿಸುವ ಮುಂಚೆ ಎರಡು ವಿಷಯ ನೋಡಿ: ಕೊನೆಯ ದಿನಾಂಕ ಮುಗಿದಿಲ್ಲ ತಾನೆ, ಮೂಲ ಪ್ರಕಟಣೆ ಸಂಬಂಧಪಟ್ಟ ಇಲಾಖೆಯದೇ ತಾನೆ? ಹಳೆಯ ವರ್ಷದ ವಿದ್ಯಾರ್ಥಿವೇತನದ ಸುದ್ದಿ ಫಾರ್ವರ್ಡ್ ಆಗಿ ಸುತ್ತುತ್ತಲೇ ಇರುತ್ತದೆ. ಅದನ್ನು ನಂಬಿ ಯಾರಾದರೂ ಒಂದು ದಿನದ ಕೂಲಿ ಬಿಟ್ಟು ತಾಲ್ಲೂಕು ಕಚೇರಿಗೆ ಹೋಗಿ ಬಂದರೆ, ಮುಂದೆ ನಿಮ್ಮ ಸಂದೇಶ ತೆರೆಯುವುದಿಲ್ಲ.

ನಮ್ಮ ಅನೇಕ ಹೆಣ್ಣುಮಕ್ಕಳಿಗೆ ಸ್ವಂತ ಫೋನ್ ಇಲ್ಲ, ಸಂದೇಶ ಹೋಗುವುದು ಅಪ್ಪನ ಅಥವಾ ಅಣ್ಣನ ಫೋನಿಗೆ. ಅಲ್ಲಿ ಸಲಾಂ ಅಥವಾ ನಮಸ್ಕಾರ, ನಿಮ್ಮ ಹೆಸರು, ಕಾಲೇಜು, ವಿಷಯ, ಇಷ್ಟನ್ನು ಮನೆಯವರು ಯಾರು ಓದಿದರೂ ಸರಿ ಎನ್ನುವ ಹಾಗೆ ಹಗಲು ಹೊತ್ತಿನಲ್ಲಿ ಬರೆಯಿರಿ.

ಎಲ್ಲಿ ಕೆಡುತ್ತದೆ ಎಂಬುದು ನನ್ನ ಅನುಭವದಿಂದಲೇ ಗೊತ್ತು. ನನ್ನ ಡಿಗ್ರಿಯ ಸಹಪಾಠಿಯೊಬ್ಬರಿಗೆ ಆರು ವರ್ಷ ಒಂದು ಸಾಲು ಬರೆದಿರಲಿಲ್ಲ. ನನ್ನ ತಮ್ಮನಿಗೆ ಅವರಿಂದ ಒಂದು ಸಹಾಯ ಬೇಕಾದಾಗ “ಹೇಗಿದ್ದೀರಿ, ಪ್ರಮೋಷನ್ ಆಯಿತಂತೆ, ಅಭಿನಂದನೆ” ಎಂದು ಬರೆದು ಮುಂದಿನ ಸಾಲಿನಲ್ಲೇ ಕೆಲಸ ಹೇಳಿದೆ. ಉತ್ತರ ಬರಲಿಲ್ಲ. ತಪ್ಪು ನನ್ನದೇ. ಅಭಿನಂದನೆಯ ಬೆನ್ನಿಗೆ ಬೇಡಿಕೆ ಕಟ್ಟಿದರೆ ಅಭಿನಂದನೆಯೂ ಸುಳ್ಳಾಗುತ್ತದೆ. ಸಹಾಯ ಬೇಕಿದ್ದರೆ ಅದನ್ನೇ ನೇರವಾಗಿ, ಬೇರೆಯಾಗಿ ಕೇಳಬೇಕಿತ್ತು.

“ಇಷ್ಟು ದಿನ ಬಿಟ್ಟು ಬರೆದರೆ ಏನಂದುಕೊಳ್ಳುತ್ತಾರೋ” ಎಂಬ ಸಂಕೋಚ ಎಲ್ಲರಿಗೂ ಇದೆ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಪೆಗ್ಗಿ ಲಿಯು ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನೇ ಪರೀಕ್ಷಿಸಿದವು. ಹೀಗೆ ಅನಿರೀಕ್ಷಿತವಾಗಿ ಬಂದ ಪುಟ್ಟ ಸಂದೇಶವನ್ನು ಪಡೆದವರು, ಕಳಿಸಿದವರು ಎಣಿಸಿದ್ದಕ್ಕಿಂತ ಹೆಚ್ಚು ಮೆಚ್ಚಿಕೊಂಡಿದ್ದರು. ಹೆಚ್ಚು ಅಚ್ಚರಿಯಾದಷ್ಟೂ ಹೆಚ್ಚು ಮೆಚ್ಚುಗೆ.

ಇದಕ್ಕೆ ಮಿತಿಯೂ ಇದೆ. ತೆಳು ಪರಿಚಯ ತರುವುದು ಸುದ್ದಿಯನ್ನು. ಆಸ್ಪತ್ರೆಯಲ್ಲಿ ರಾತ್ರಿ ಕೂರಲು, ಕೈಸಾಲ ಕೊಡಲು ಆಪ್ತರೇ ಬೇಕು. ಪರಿಚಯ ತೀರಾ ತೆಳುವಾದರೂ ಪ್ರಯೋಜನವಿಲ್ಲ. ಲಿಂಕ್ಡ್‌ಇನ್ ಬಳಸುವ ಸುಮಾರು 2 ಕೋಟಿ ಜನರನ್ನು ಒಳಗೊಂಡು 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೆಲಸ ಸಿಗಲು ಹೆಚ್ಚು ನೆರವಾದದ್ದು ಆಪ್ತರೂ ಅಲ್ಲ, ಬರೀ ಹೆಸರು ಗೊತ್ತಿದ್ದವರೂ ಅಲ್ಲ, ನಡುವಿನವರು. ಅಂದರೆ ಬಸ್ಸಿನಲ್ಲಿ ಸೀಟು ಹಿಡಿದುಕೊಟ್ಟವರು.

ಪಟ್ಟಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ವರ್ಷದ ಕೊನೆಗೆ ಒಂದು ಲೆಕ್ಕ ನೋಡಿ: ನೀವು ಕೇಳದೆ ನಿಮಗಾಗಿ ಬಂದ ಸುದ್ದಿ ಎಷ್ಟು, ನೀವು ಹಾಗೆ ಕಳಿಸಿದ್ದು ಎಷ್ಟು? ಎರಡನೆಯದು ಸೊನ್ನೆಯಾಗಿದ್ದರೆ ಮೊದಲನೆಯದಕ್ಕೆ ಕಾಯಬೇಡಿ. ದ್ವಿತೀಯ ಪಿಯುಸಿಯವರು ಹಾಲ್ ಟಿಕೆಟ್ ಪಡೆಯಲು ಬರುವ ದಿನ ಒಂದು ನೋಟ್‌ಬುಕ್ ತನ್ನಿ. ನಾಲ್ಕೂ ತಾಲ್ಲೂಕಿನವರು ಒಂದೇ ಅಂಗಳದಲ್ಲಿ ಸಿಗುವ ಕೊನೆಯ ದಿನಗಳಲ್ಲಿ ಅದೂ ಒಂದು.