ಅವನ ಪಾಲಿಗೆ ಅವಳ ಹೆಸರು ‘ಮೇಡೇ’

ಅಲ್ಫೊನ್ಸೊ ಕ್ವಾರೊನ್ ನಿರ್ದೇಶಿಸಿದ ‘ಗ್ರಾವಿಟಿ’ (2013) ಚಿತ್ರದ ರಯಾನ್ ಸ್ಟೋನ್ ವೈದ್ಯಕೀಯ ಎಂಜಿನಿಯರ್. ಜೊತೆಗಿದ್ದವರೆಲ್ಲ ಸತ್ತಿದ್ದಾರೆ. ಬಾಹ್ಯಾಕಾಶ ನಿಲ್ದಾಣ ಬಿಟ್ಟು ಸೋಯುಜ್ ನೌಕೆಯಲ್ಲಿ ಹೊರಟರೆ ಅದರಲ್ಲಿ ಇಂಧನವಿಲ್ಲ. ಚೀನಾದ ನಿಲ್ದಾಣವನ್ನು ಕರೆಯಲು ರೇಡಿಯೋ ತಿರುಗಿಸುವಾಗ ಯಾರೋ ಗಂಡಸಿನ ದನಿ ಕೇಳಿಸುತ್ತದೆ. ಭಾಷೆ ತಿಳಿಯದು. ಆಕೆ ‘ಮೇಡೇ, ಮೇಡೇ’ ಎನ್ನುತ್ತಾಳೆ. ವಿಮಾನ, ಹಡಗುಗಳು ಅಪಾಯದಲ್ಲಿದ್ದಾಗ ಜಗತ್ತಿನಲ್ಲೆಲ್ಲ ಅರ್ಥವಾಗಲೆಂದೇ ಗೊತ್ತುಮಾಡಿದ ಪದ ಅದು. ಅವನು ಮಾತ್ರ ಅದನ್ನು ಅವಳ ಹೆಸರೆಂದುಕೊಳ್ಳುತ್ತಾನೆ. ತನ್ನ ಹೆಸರು ಅನಿನ್‌ಗಾಕ್ ಎನ್ನುತ್ತಾನೆ.

ನೆರವು ಸಿಗುವುದಿಲ್ಲ. ಆದರೆ ಆ ಕಡೆ ನಾಯಿ ಊಳಿಡುತ್ತದೆ, ಇವಳೂ ಊಳಿಡುತ್ತಾಳೆ. ಮಗು ಅಳುತ್ತದೆ, ಅವನು ಲಾಲಿ ಹಾಡುತ್ತಾನೆ. ಅದನ್ನು ಕೇಳುತ್ತಲೇ ಸಾಯಲು ಸಿದ್ಧಳಾಗುವ ಈ ದೃಶ್ಯ ಚಿತ್ರದ ಎಲ್ಲ ಸ್ಫೋಟಗಳಿಗಿಂತ ದೊಡ್ಡದು ಎಂಬುದು ನನ್ನ ಅನಿಸಿಕೆ.

ಇಂಥ ಮಾತುಕತೆ ನಿಜಕ್ಕೂ ಸಾಧ್ಯವೇ? ಚಿತ್ರದಲ್ಲಿ ಅವಳು ಹೇಳುವುದು ‘ಎಎಂ’ ರೇಡಿಯೋ ಎಂದು. ಅಲ್ಲೇ ತೊಡಕು. ರಾತ್ರಿ ಹೊತ್ತು ದೂರದೂರದ ಆಕಾಶವಾಣಿ ಕೇಂದ್ರಗಳು ಮಧ್ಯಮ ತರಂಗದಲ್ಲಿ ಕೇಳಿಸುವುದು, ಆ ಅಲೆಗಳು ವಾತಾವರಣದ ಮೇಲಿನ ಅಯಾನುಗೋಳಕ್ಕೆ ತಾಗಿ ನೆಲಕ್ಕೆ ಮರಳುವುದರಿಂದ. ನಮಗೆ ಹಾಡು ತಂದುಕೊಡುವ ಆ ಚಾವಣಿಯೇ ಕಕ್ಷೆಯಲ್ಲಿರುವವರಿಗೆ ಅಡ್ಡಗೋಡೆ. ಅದನ್ನು ದಾಟಿ ಹೋಗಲು ಹೆಚ್ಚು ಕಂಪನಾಂಕದ ವಿಎಚ್‌ಎಫ್ ಅಲೆಗಳು ಬೇಕು. ನಿಲ್ದಾಣದ ಗಗನಯಾತ್ರಿಗಳು ಹವ್ಯಾಸಿ ಹ್ಯಾಮ್‌ಗಳೊಡನೆ ಮಾತಾಡುವುದು 145 ಮೆಗಾಹರ್ಟ್ಸ್ ಆಸುಪಾಸಿನ ಈ ಅಲೆಗಳಲ್ಲೇ. 1991ರಲ್ಲಿ ‘ಮಿರ್’ ನಿಲ್ದಾಣದಲ್ಲಿದ್ದ ಫ್ಲೈಟ್ ಎಂಜಿನಿಯರ್ ಸೆರ್ಗೈ ಕ್ರಿಕಾಲ್ಯೊವ್ ಹೀಗೆಯೇ ಆಸ್ಟ್ರೇಲಿಯಾದ ಹ್ಯಾಮ್ ಮಾರ್ಗರೆಟ್ ಇಯಾಕ್ವಿಂಟೊ ಜೊತೆ ಮಾತಾಡುತ್ತಿದ್ದರು. ಅವರು ಮೇಲಿರುವಾಗಲೇ ಕೆಳಗೆ ಸೋವಿಯತ್ ಒಕ್ಕೂಟ ಇಲ್ಲವಾಯಿತು.

ಇನ್ನೊಂದು ವಿಷಯದಲ್ಲಿ ಮಾತ್ರ ಚಿತ್ರ ನಿಜಕ್ಕೆ ಹತ್ತಿರವಿದೆ. ಸುಮಾರು 400 ಕಿ.ಮೀ. ಎತ್ತರದಲ್ಲಿ ಗಂಟೆಗೆ 28,000 ಕಿ.ಮೀ. ವೇಗದಲ್ಲಿ ಹೋಗುವ ನೌಕೆ ಒಂದು ಊರಿನ ದಿಗಂತದಿಂದ ದಿಗಂತಕ್ಕೆ ಹತ್ತೇ ನಿಮಿಷದಲ್ಲಿ ದಾಟಿಬಿಡುತ್ತದೆ. ಅಷ್ಟರಲ್ಲಿ ಮಾತು ಮುಗಿಯಲೇಬೇಕು. ದನಿ ಹೋಗಿ ಬರಲು ಮಾತ್ರ ಕ್ಷಣವೂ ಬೇಡ. ಹಾಗಾಗಿ ಈ ಇಬ್ಬರನ್ನು ದೂರವಿಟ್ಟಿದ್ದು ಆಕಾಶವಲ್ಲ, ಭಾಷೆ.

ಈ ಅಪರಿಚಿತ ಯಾರು? ಉತ್ತರ ಇನ್ನೊಂದು ಚಿತ್ರದಲ್ಲಿದೆ. ನಿರ್ದೇಶಕರ ಮಗ, ‘ಗ್ರಾವಿಟಿ’ಯ ಕಥೆಯಲ್ಲೂ ಪಾಲುಗಾರರಾದ ಹೋನಾಸ್ ಕ್ವಾರೊನ್ ‘ಅನಿನ್‌ಗಾಕ್’ ಎಂಬ ಸುಮಾರು ಏಳು ನಿಮಿಷದ ಕಿರುಚಿತ್ರ ಮಾಡಿದರು. ಅದರಲ್ಲಿ ಕ್ಯಾಮೆರಾ ಇರುವುದು ಗ್ರೀನ್‌ಲ್ಯಾಂಡಿನ ಹಿಮದ ಮೇಲೆ. ಅವನೊಬ್ಬ ಇನ್ಯುಯಿಟ್ ಮೀನುಗಾರ. ಅವನ ಮುದಿ ನಾಯಿಗೆ ಕಾಯಿಲೆ. ಅದನ್ನು ಕೊಲ್ಲಬೇಕು, ಕೈ ಬರುತ್ತಿಲ್ಲ. ರೇಡಿಯೋದಲ್ಲಿ ಸಿಕ್ಕ ಹೆಣ್ಣುದನಿಗೆ ಅವನು ಹೇಳಿಕೊಳ್ಳುವುದು ಆ ಸಂಕಟವನ್ನು. ಇವಳು ತನ್ನ ಸಾವಿನ ಮಾತಾಡುತ್ತಾಳೆ, ಅವನು ನಾಯಿಯ ಸಾವಿನ ಮಾತಾಡುತ್ತಾನೆ. ಇಬ್ಬರಿಗೂ ಅದು ತಿಳಿಯುವುದಿಲ್ಲ.

ಮೊದಲು ‘ಗ್ರಾವಿಟಿ’ ನೋಡಿ, ಆಮೇಲೆ ಈ ಏಳು ನಿಮಿಷ ನೋಡಿ. ಅದಲುಬದಲು ಮಾಡಬೇಡಿ.